ಮನೆತನದ ಮಂಡಿ: ಕೀಲಿಕೈಯೊಡನೆ ಕೊಡಬೇಕಾದುದೇನು?

ಒಂದೇ ಗದ್ದಿಗೆಯ ಪಕ್ಕದಲ್ಲಿ ಮೂವತ್ತು ನಾಲ್ವತ್ತು ವರ್ಷ ಕುಳಿತು ಲೆಕ್ಕ ಬರೆದ ಗುಮಾಸ್ತರು ಕೆಲಸದಿಂದ ವಿಶ್ರಾಂತಿ ಪಡೆಯುವ ದಿನ ನಮ್ಮ ಪೇಟೆಗಳಲ್ಲಿ ಏನು ನಡೆಯುತ್ತದೆಂಬುದನ್ನು ವಾಚಕರೆಲ್ಲರೂ ಕಂಡಿದ್ದಾರೆ. ಶಾಲು ಹೊದಿಸುತ್ತಾರೆ, ಫಲತಾಂಬೂಲ ಕೊಡುತ್ತಾರೆ, ಯಜಮಾನರು ಕಣ್ಣೊರಸಿಕೊಂಡು ನಾಲ್ಕು ಮಾತಾಡುತ್ತಾರೆ, ಒಂದು ಭಾವಚಿತ್ರವನ್ನು ತೆಗೆಸಿ ಗೋಡೆಗೆ ತೂಗುಹಾಕುತ್ತಾರೆ. ಮರುದಿನ ಅಂಗಡಿಯ ಬಾಗಿಲು ಎಂದಿನಂತೆಯೇ ತೆರೆಯುತ್ತದೆ. ಆ ಮನುಷ್ಯನೊಡನೆ ಅಂಗಡಿಯಿಂದ ಹೊರಕ್ಕೆ ಹೋದದ್ದು ಏನೆಂಬುದು ಯಾರಿಗೂ ಆ ದಿನ ಕಾಣುವುದಿಲ್ಲ. ಅದು ಕಾಣುವುದು ಮುಂದಿನ ಸುಗ್ಗಿಯಲ್ಲಿ, ಹಣ ಕೊಡಬಾರದವನಿಗೆ ಕೊಟ್ಟು ಕೊಡಬೇಕಾದವನಿಗೆ ಇಲ್ಲವೆಂದ ಮೇಲೆ.

ಮನೆತನದ ವ್ಯಾಪಾರಗಳಲ್ಲಿ ಉತ್ತರಾಧಿಕಾರವೆಂದೊಡನೆ ನಮ್ಮವರು ಆಸ್ತಿಯ ಮಾತನ್ನೇ ಎತ್ತುತ್ತಾರೆ. ಮಗನಿಗೆಷ್ಟು, ಮಗಳಿಗೆಷ್ಟು, ತಮ್ಮನ ಮಕ್ಕಳಿಗೆಷ್ಟು ಎಂಬಲ್ಲಿಗೆ ಆ ಮಾತು ಮುಗಿಯುತ್ತದೆ. ಆದರೆ ವಾಸ್ತವದಲ್ಲಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಬೇಕಾದ ವಸ್ತುಗಳು ಮೂರು. ಒಂದನೆಯದು ಒಡೆತನ, ಅದು ಕಾಗದದಿಂದ ದಾಟುತ್ತದೆ. ಎರಡನೆಯದು ಅಧಿಕಾರ, ಅದು ರುಜುವಿನಿಂದ ದಾಟುತ್ತದೆ. ಮೂರನೆಯದು ಅರಿವು, ಅದು ಕಾಲದಿಂದ ಮಾತ್ರ ದಾಟುತ್ತದೆ. ಮೊದಲಿನೆರಡನ್ನು ಅವಸರ ಬಿದ್ದರೆ ವಕೀಲರೂ ಬ್ಯಾಂಕಿನವರೂ ಸೇರಿ ಒಂದು ತಿಂಗಳಲ್ಲಿ ಮಾಡಿ ಮುಗಿಸಬಹುದು. ಮೂರನೆಯದಕ್ಕೆ ಅವಸರವೆಂಬುದು ಒಗ್ಗದು. ಯಜಮಾನರಿಗೂ ಮುಖ್ಯ ಗುಮಾಸ್ತರಿಗೂ ಒಟ್ಟೊಟ್ಟಿಗೆ ವಯಸ್ಸಾದ ಅಂಗಡಿಗಳಲ್ಲಿ ಈ ಮೂರನೆಯದೇ ಮೊದಲು ಕೈತಪ್ಪುವುದು. ಆದಕಾರಣ ಅದನ್ನು ಕುರಿತು ಇಂದು ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆಂದಿದ್ದೇವೆ.

ಬರಿಯ ತತ್ತ್ವವನ್ನು ಹೇಳಿ ಪ್ರಯೋಜನವಿಲ್ಲವಾದುದರಿಂದ ಮಲೆನಾಡಿನ ಅಡಕೆ ಮಂಡಿಯೊಂದನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳೋಣ. ಶಿವಮೊಗ್ಗ, ಸಾಗರ, ಶಿರಸಿಗಳ ಕಡೆಯವರಿಗೆ ಮಂಡಿಯ ವ್ಯವಹಾರ ಹೊಸದಲ್ಲ. ಇತರರಿಗಾಗಿ ಎರಡು ಮಾತು. ಬೆಳೆಗಾರನು ಒಣಗಿಸಿ ಸಿದ್ಧಪಡಿಸಿದ ಅಡಕೆಯನ್ನು ಚೀಲಗಳಲ್ಲಿ ಮಂಡಿಗೆ ತರುತ್ತಾನೆ. ಮಂಡಿಯವರು ಅದನ್ನು ಜಾತಿವಾರು ನೋಡಿ ಲಾಟು ಮಾಡಿ ಇಡುತ್ತಾರೆ. ಖರೀದಿದಾರರು ಲಾಟನ್ನು ಪರೀಕ್ಷಿಸಿ ಟೆಂಡರಿನಲ್ಲಿ ತಮ್ಮ ದರವನ್ನು ನಮೂದಿಸುತ್ತಾರೆ. ಮಾರಾಟವಾದ ಮೇಲೆ ಮಂಡಿಗೆ ದಲ್ಲಾಳಿ ಸಲ್ಲುತ್ತದೆ. ಮೇಲುನೋಟಕ್ಕೆ ಇಷ್ಟೇ. ಆದರೆ ಮಂಡಿಯ ಜೀವ ಇರುವುದು ದಲ್ಲಾಳಿಯಲ್ಲಲ್ಲ, ಸಾಲದಲ್ಲಿ. ಮಳೆಗಾಲದಲ್ಲಿ ಬೆಳೆಗಾರನ ಕೈ ಬರಿದಾಗಿರುವಾಗ, ಮುಂದೆ ಬರುವ ಬೆಳೆಯ ಮೇಲೆ ಮಂಡಿಯು ಮುಂಗಡ ಕೊಡುತ್ತದೆ. ಇತ್ತ ಅಡಕೆ ಮಾರಿದ ಮೇಲೆ ಬೆಳೆಗಾರನಿಗೆ ಬೇಗ ಹಣ ಎಣಿಸಬೇಕು. ಅತ್ತ ಉತ್ತರದ ಪೇಟೆಗಳಿಗೆ ಸರಕು ಕಳಿಸುವ ಖರೀದಿದಾರನಾದರೋ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ತಡೆದು ಕೊಡುತ್ತಾನೆ. ಎರಡು ಕಡೆಯೂ ಹಣ ಹೊರಗಿರುವ ಈ ಸಂಸ್ಥೆಯು ಅರ್ಧ ಅಂಗಡಿ, ಅರ್ಧ ಬ್ಯಾಂಕು ಎಂದರೆ ತಪ್ಪಾಗದು.

ನಮ್ಮ ದೃಷ್ಟಾಂತದ ಮಂಡಿಯ ಯಜಮಾನರಿಗೆ 67 ವರ್ಷ. ಅವರಲ್ಲಿ ಇಬ್ಬರು ಹಿರಿಯರು ಕೆಲಸ ಮಾಡುತ್ತಿದ್ದಾರೆ. ಲೆಕ್ಕವನ್ನೂ ಮುಂಗಡವನ್ನೂ ನೋಡುವ ಗುಮಾಸ್ತರಿಗೆ 63 ವರ್ಷ. ಸರಕನ್ನು ನೋಡುವ ಗುಮಾಸ್ತರಿಗೆ 61 ವರ್ಷ. ಮೂವರೂ ಇನ್ನು ಮೂರು ವರ್ಷಗಳಲ್ಲಿ ಬಿಡುವು ಪಡೆಯಬೇಕೆಂದು ಇದ್ದಾರೆ. ಯಜಮಾನರ ಮಗನು ಬೆಂಗಳೂರಿನಲ್ಲಿ ಎಂಜಿನಿಯರು. ಮಗಳು ವಾಣಿಜ್ಯಶಾಸ್ತ್ರದ ಪದವೀಧರೆ, ಅದೇ ಊರಿಗೆ ಕೊಟ್ಟಿರುವುದರಿಂದ ಆಗಾಗ ಬಂದು ಲೆಕ್ಕಕ್ಕೆ ನೆರವಾಗುತ್ತಾಳೆ. ತೀರಿಹೋದ ತಮ್ಮನ ಮಗನು ಐದು ವರ್ಷಗಳಿಂದ ಅಂಗಡಿಯಲ್ಲಿಯೇ ಇದ್ದಾನೆ. ಬೆಳೆಗಾರ ಗಿರಾಕಿಗಳು 180 ಮನೆ. ಅವರಲ್ಲಿ ಹರಡಿರುವ ಮುಂಗಡ 1 ಕೋಟಿ 20 ಲಕ್ಷ ರೂಪಾಯಿ. ಖರೀದಿದಾರರು 25 ಮಂದಿ. ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿದೆ. ಆದುದರಿಂದ ಗುಮಾಸ್ತರು ಹೋದರೂ ಲೆಕ್ಕ ಎಲ್ಲಿ ಹೋದೀತು ಎಂಬುದು ಯಜಮಾನರ ಧೈರ್ಯ.

ಈ ಧೈರ್ಯವೇ ಮೊದಲನೆಯ ತಪ್ಪು. ಒಬ್ಬ ಬೆಳೆಗಾರನ ಖಾತೆಯಲ್ಲಿ 80,000 ರೂಪಾಯಿ ಬಾಕಿಯೆಂದು ಲೆಕ್ಕವು ಹೇಳುತ್ತದೆ. ಆ ಮನೆಯಲ್ಲಿ ಈ ವರ್ಷ ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಳ್ಳಲಿದ್ದಾರೆಂದು ಹೇಳುವುದಿಲ್ಲ. ಹೋದ ಮಳೆಗಾಲದಲ್ಲಿ ಬೋರ್ಡೋ ದ್ರಾವಣದ ಎರಡನೆಯ ಸಿಂಪಡಣೆ ತಪ್ಪಿ ಕೊಳೆರೋಗದಿಂದ ಅರ್ಧ ಫಸಲು ಉದುರಿತೆಂದು ಹೇಳುವುದಿಲ್ಲ. ಆ ಮನೆಯವರು ಪುಷ್ಯದಲ್ಲಿ ಕೇಳಿದರೆ ಕೊಡುವುದಿಲ್ಲ, ಫಾಲ್ಗುಣದಲ್ಲಿ ಕೇಳದೆಯೇ ತಂದುಕೊಡುತ್ತಾರೆಂಬುದನ್ನೂ ಹೇಳುವುದಿಲ್ಲ. ಇವೆಲ್ಲ ಇರುವುದು ಗುಮಾಸ್ತರ ತಲೆಯಲ್ಲಿ. ಸರಕಿನ ಮಾತೂ ಹೀಗೆಯೇ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳನ್ನು ಯಾರು ಬೇಕಾದರೂ ಒಂದು ದಿನದಲ್ಲಿ ಕಲಿಯಬಹುದು. ಆದರೆ ಚೀಲದೊಳಕ್ಕೆ ಕೈಯಿಟ್ಟು ಅಡಕೆ ಕಲಕಿದಾಗ ಬರುವ ಸದ್ದಿನಿಂದ ಅದರ ಒಣಗಿಕೆಯನ್ನು ಊಹಿಸುವುದು, ನಾಲ್ಕು ಅಡಕೆಯನ್ನು ಸೀಳಿ ಒಳಗಿನ ಬಣ್ಣದಿಂದ ಇಡಿಯ ಲಾಟಿನ ಯೋಗ್ಯತೆಯನ್ನು ತೂಗುವುದು, ಮೇಲೆ ಒಳ್ಳೆಯದನ್ನಿಟ್ಟು ಅಡಿಯಲ್ಲಿ ಹಗುರದ್ದನ್ನು ತುಂಬಿದ ಚೀಲವನ್ನು ಗುರುತಿಸುವುದು, ಇವು ಪುಸ್ತಕದ ವಿದ್ಯೆಯಲ್ಲ.

ಹಾಗಾದರೆ ಇಂಥ ಮಂಡಿಯವರು ಮಾಡಬೇಕಾದ ಮೊದಲ ಕೆಲಸವೇನು? ಪಟ್ಟಿ ಬರೆಯುವುದು. ಹುದ್ದೆಗಳ ಪಟ್ಟಿಯಲ್ಲ, ಕೆಲಸಗಳ ಪಟ್ಟಿ. ಇಬ್ಬರು ಗುಮಾಸ್ತರೂ ಯಜಮಾನರೂ ಒಂದು ಇಡೀ ವರ್ಷದಲ್ಲಿ ಮಾಡುವ ಕೆಲಸಗಳನ್ನೆಲ್ಲ ಒಂದೊಂದಾಗಿ ಬರೆದು, ಪ್ರತಿಯೊಂದರ ಮುಂದೆಯೂ “ಇವರು ನಾಳೆ ಬಾರದಿದ್ದರೆ ಇದನ್ನು ಮಾಡುವವರಾರು?” ಎಂಬ ಪ್ರಶ್ನೆಗೆ ಒಂದು ಹೆಸರನ್ನು ನಮೂದಿಸಬೇಕು. ನಮ್ಮ ಮಂಡಿಯಲ್ಲಿ ಇಂಥ ಕೆಲಸಗಳು 40 ಆದುವೆನ್ನೋಣ. 27ಕ್ಕೆ ಹೆಸರು ತಟ್ಟನೆ ಸಿಕ್ಕಿತು. 9ಕ್ಕೆ ತಡವರಿಸಿ ಸಿಕ್ಕಿತು. ಉಳಿದ 4ರ ಮುಂದೆ ಹೆಸರೇ ಬರಲಿಲ್ಲ. ಅವು ಯಾವುವು? ಬೆಳೆಗಾರನಿಗೆ ಎಷ್ಟು ಮುಂಗಡವೆಂದು ಗೊತ್ತುಮಾಡುವುದು. ಲಾಟಿನ ಯೋಗ್ಯತೆಯ ವಿಷಯದಲ್ಲಿ ಬೆಳೆಗಾರನಿಗೂ ಖರೀದಿದಾರನಿಗೂ ತಕರಾರು ಬಂದಾಗ ತೀರಿಸುವುದು. ಬಾಕಿದಾರ ಖರೀದಿದಾರನಿಗೆ ಯಾವಾಗ ಸರಕು ನಿಲ್ಲಿಸಬೇಕೆಂದು ತೀರ್ಮಾನಿಸುವುದು. ಸುಗ್ಗಿಗೆ ಮುಂಚೆ ಬ್ಯಾಂಕಿನವರೊಡನೆ ಆ ವರ್ಷದ ಸಾಲದ ಮಿತಿಯನ್ನು ಮಾತಾಡುವುದು. ಮಂಡಿಯೆಂದರೆ ಈ ನಾಲ್ಕೇ. ಉಳಿದ ಮೂವತ್ತಾರು ಯಾವ ಅಂಗಡಿಯಲ್ಲಾದರೂ ಇರತಕ್ಕವು. ಪಟ್ಟಿಯ ಪ್ರಯೋಜನವೆಂದರೆ ಇದೇ. ಕಳೆದುಹೋಗಬಹುದಾದ ವಸ್ತು ಬಹು ದೊಡ್ಡದೆಂದು ಅಂಜುವ ಬದಲು, ಅದು ಇಂಥ ನಾಲ್ಕು ಕೆಲಸಗಳಲ್ಲಿ ಅಡಗಿದೆಯೆಂದು ತಿಳಿಯುತ್ತದೆ.

ಎರಡನೆಯ ಕೆಲಸ ಕಾಲದ ಗಣನೆ. ಇಲ್ಲಿ ಯಜಮಾನರು ಸಾಮಾನ್ಯವಾಗಿ ಮೋಸಹೋಗುತ್ತಾರೆ. ಮೂರು ವರ್ಷವಿದೆಯೆಂದರೆ ಮೂವತ್ತಾರು ತಿಂಗಳಿದೆಯೆಂದು ಅವರ ಎಣಿಕೆ. ಅಡಕೆಯ ಕಲಿಕೆಗೆ ತಿಂಗಳಿನ ಲೆಕ್ಕ ಹೊಂದದು. ಸುಗ್ಗಿಯ ಲೆಕ್ಕವೇ ಲೆಕ್ಕ. ಮುಂಗಡದ ಮಾತು ನಡೆಯುವುದು ಮಳೆಗಾಲದಿಂದ ದೀಪಾವಳಿಯವರೆಗೆ. ಕೊಯ್ಲು ಮಳೆ ಹಿಂದೆಗೆದ ಮೇಲೆ. ಸರಕಿನ ಆವಕ ಆಮೇಲೆ ತಿಂಗಳುಗಟ್ಟಲೆ. ಬಾಕಿಯ ಪರೀಕ್ಷೆ ಎಲ್ಲ ಮುಗಿದ ಮೇಲೆ. ಈ ಚಕ್ರ ವರ್ಷಕ್ಕೆ ಒಂದೇ ಬಾರಿ ತಿರುಗುತ್ತದೆ. ಚೈತ್ರದಲ್ಲಿ ಗೊತ್ತುಮಾಡಿ ಬರುವ ಭಾದ್ರಪದದಲ್ಲಿ ಗುಮಾಸ್ತರನ್ನು ಬೀಳ್ಕೊಟ್ಟರೆ, ಆರು ತಿಂಗಳ ಅವಕಾಶ ಕೊಟ್ಟಂತೆ ಕಾಣುತ್ತದೆ. ನಿಜವಾಗಿ ಕೊಟ್ಟದ್ದು ಒಂದು ಸುಗ್ಗಿಯನ್ನೂ ಅಲ್ಲ. ಮೂರು ವರ್ಷವೆಂದರೆ ಮೂರೇ ಪಾಠ. ಅವುಗಳಲ್ಲಿ ಒಂದನ್ನು ವ್ಯರ್ಥ ಮಾಡಿಕೊಂಡರೆ ಮೂರನೆಯ ಒಂದು ಪಾಲು ಹೋಯಿತು.

ಮೂರು ಸುಗ್ಗಿಗಳನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲನೆಯದರಲ್ಲಿ ಹಿರಿಯರು ಮಾಡುವುದು, ಕಿರಿಯರು ನೋಡಿ ಬರೆಯುವುದು. ಎರಡನೆಯದರಲ್ಲಿ ಕಿರಿಯರು ಮಾಡುವುದು, ಹಿರಿಯರು ಹಿಂದೆ ಕುಳಿತು ನೋಡುವುದು. ಮೂರನೆಯದರಲ್ಲಿ ಕಿರಿಯರು ತಾವೇ ಮಾಡುವುದು, ಹಿರಿಯರು ಮನೆಯಲ್ಲಿರುವುದು. ನಮ್ಮ ದೃಷ್ಟಾಂತದಲ್ಲಿ ಮಗಳು ಮುಂಗಡ ಮತ್ತು ಲೆಕ್ಕದ ಗುಮಾಸ್ತರ ಬಳಿಯಲ್ಲಿಯೂ, ತಮ್ಮನ ಮಗನು ಸರಕಿನ ಗುಮಾಸ್ತರ ಬಳಿಯಲ್ಲಿಯೂ ಕುಳಿತರೆಂದು ಭಾವಿಸೋಣ.

ಆದರೆ ಬರಿದೆ ಪಕ್ಕದಲ್ಲಿ ಕುಳಿತಮಾತ್ರಕ್ಕೆ ವಿದ್ಯೆ ಹತ್ತುವುದಿಲ್ಲ. ಅದಕ್ಕೊಂದು ಸುಲಭವಾದ ಉಪಾಯವಿದೆ. ಒಂದು ಲಾಟನ್ನು ಟೆಂಡರಿಗೆ ಇಡುವ ಮೊದಲು ತಮ್ಮನ ಮಗನು ತನಗೆ ತೋಚಿದ ಜಾತಿಯನ್ನೂ ದರವನ್ನೂ ಒಂದು ಚೀಟಿಯಲ್ಲಿ ಬರೆದು ಮಡಿಸಿ ಇಡಬೇಕು. ಗುಮಾಸ್ತರೂ ತಮ್ಮ ಅಂದಾಜನ್ನು ಹಾಗೆಯೇ ಬರೆಯಬೇಕು. ಸಂಜೆ ಟೆಂಡರಿನ ದರ ಬಂದ ಮೇಲೆ ಎರಡು ಚೀಟಿಗಳನ್ನೂ ಬಿಚ್ಚಿ ಅಂತರವನ್ನು ಒಂದು ಪುಸ್ತಕದಲ್ಲಿ ನಮೂದಿಸಬೇಕು. ಮೊದಲ ವಾರ ಹುಡುಗನ ಅಂತರ ಕ್ವಿಂಟಾಲಿಗೆ 4,000 ರೂಪಾಯಿ, ಗುಮಾಸ್ತರದು 600 ರೂಪಾಯಿ ಎಂದಿಟ್ಟುಕೊಳ್ಳೋಣ. ಸುಗ್ಗಿಯ ಕೊನೆಗೆ ಹುಡುಗನದು 1,500ಕ್ಕೆ ಇಳಿದಿದ್ದರೆ ವಿದ್ಯೆ ಹತ್ತುತ್ತಿದೆ. ಎರಡು ಸುಗ್ಗಿ ಕಳೆದರೂ 3,500ರಲ್ಲಿಯೇ ನಿಂತಿದ್ದರೆ ಅವನು ಬೇರೆ ಕೆಲಸಕ್ಕೆ ಯೋಗ್ಯನಿರಬಹುದು, ಈ ಕೆಲಸಕ್ಕಲ್ಲ. ರಕ್ತಸಂಬಂಧವು ಕೊಡಲಾರದ ಉತ್ತರವನ್ನು ಈ ಪುಸ್ತಕವು ಯಾರ ಮನಸ್ಸನ್ನೂ ನೋಯಿಸದೆ ಕೊಡುತ್ತದೆ.

ಮುಂಗಡದ ವಿಷಯದಲ್ಲಿಯೂ ಇದೇ ಕ್ರಮ. ಬೆಳೆಗಾರನು ಬಂದು ಎರಡು ಲಕ್ಷ ಕೇಳಿದನೆನ್ನೋಣ. ಗುಮಾಸ್ತರು ಬಾಯಿ ತೆರೆಯುವ ಮೊದಲೇ ಮಗಳು ತಾನಾದರೆ ಎಷ್ಟು ಕೊಡುತ್ತಿದ್ದಳೆಂದು ಬರೆದಿಡುತ್ತಾಳೆ. ಅವಳು ಎರಡು ಲಕ್ಷವೆಂದು ಬರೆದಲ್ಲಿ ಗುಮಾಸ್ತರು ತೊಂಬತ್ತು ಸಾವಿರಕ್ಕೆ ನಿಲ್ಲಿಸುತ್ತಾರೆ. ಆತ ಹೋದ ಮೇಲೆ “ಏಕೆ, ರಾಯರೇ?” ಎಂದು ಕೇಳುತ್ತಾಳೆ. ಈ “ಏಕೆ” ಎಂಬ ಒಂದು ಪ್ರಶ್ನೆಯಿಂದಲೇ ಅವರ ತಲೆಯಲ್ಲಿರುವುದು ಹೊರಗೆ ಬರುತ್ತದೆ. “ನಿಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ” ಎಂದರೆ ಯಾವ ಹಿರಿಯರೂ ಬರೆಯಲಾರರು. ತಮಗೆ ಏನೇನು ಗೊತ್ತಿದೆಯೆಂಬುದು ಅವರಿಗೇ ತಿಳಿದಿರುವುದಿಲ್ಲ. ಕಿರಿಯರ ಅಂದಾಜು ತಪ್ಪಿದ ಜಾಗದಲ್ಲಿ ಮಾತ್ರ ಅದು ನಾಲಗೆಗೆ ಬರುತ್ತದೆ. ಹೀಗೆ ಬಂದುದನ್ನು ಒಂದು ಮನೆಗೆ ಒಂದು ಪುಟದಂತೆ ಬರೆದಿಟ್ಟರೆ, ತೋಟದ ವಿಸ್ತೀರ್ಣ, ಸಾಧಾರಣ ಫಸಲು, ಹಣದ ಮಾತಾಡುವವರು ಯಾರು, ಬಾಕಿ ತೀರಿಸುವ ತಿಂಗಳು, ಎಚ್ಚರದ ಮಾತು ಎಂಬ ಐದು ಸಾಲುಗಳಲ್ಲಿ 180 ಮನೆಗಳ ಚರಿತ್ರೆ ಎರಡು ಸುಗ್ಗಿಗಳಲ್ಲಿ ಕೈಸೇರುತ್ತದೆ.

ಇಷ್ಟೆಲ್ಲ ಸರಿ; ಆದರೆ ಹಿರಿಯರು ಮನಃಪೂರ್ವಕವಾಗಿ ಹೇಳಿಕೊಟ್ಟಾರೆಯೆ? ಇದನ್ನು ಯಜಮಾನರು ಪ್ರಾಮಾಣಿಕವಾಗಿ ತಮ್ಮನ್ನೇ ಕೇಳಿಕೊಳ್ಳಬೇಕು. ಗುಮಾಸ್ತರ ಸ್ಥಾನಮಾನವೆಲ್ಲ ಅವರಿಗೆ ಮಾತ್ರ ತಿಳಿದಿರುವ ವಿಷಯಗಳಲ್ಲಿ ಇರುವಾಗ, ಅದನ್ನು ಹಂಚಿಕೊಟ್ಟರೆ ನಾಳೆ ತಮ್ಮನ್ನು ಕೇಳುವವರಿಲ್ಲವೆಂಬ ಭಯ ಸಹಜ. ಸರಕಾರಿ ನೌಕರನಂತೆ ಅವರಿಗೆ ನಿವೃತ್ತಿ ವೇತನವಿಲ್ಲ. ಆದುದರಿಂದ ಕಲಿಸಿರೆಂದು ಹೇಳುವ ಮೊದಲು ಅವರ ಮುಂದಿನ ಜೀವನದ ಮಾತನ್ನು ಇತ್ಯರ್ಥ ಮಾಡಬೇಕು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಗ್ರಾಚ್ಯುಯಿಟಿಯು ಯಜಮಾನನ ಔದಾರ್ಯವಲ್ಲ, ಕಾನೂನಿನ ಋಣ. ತಿಂಗಳಿಗೆ 26 ದಿನವೆಂದು ಹಿಡಿದು, ಪೂರೈಸಿದ ಒಂದೊಂದು ವರ್ಷಕ್ಕೆ ಕೊನೆಯ ವೇತನದ 15 ದಿನದ ಮೊತ್ತವನ್ನು ಕೊಡತಕ್ಕದ್ದು. ಲೆಕ್ಕದ ಗುಮಾಸ್ತರು ಹೊರಡುವಾಗ ಲೆಕ್ಕಕ್ಕೆ ಬರುವ ವೇತನ 36,000 ರೂಪಾಯಿ, ಸೇವೆ 34 ವರ್ಷವೆಂದರೆ, 36,000ವನ್ನು 26ರಿಂದ ಭಾಗಿಸಿ 15ರಿಂದಲೂ 34ರಿಂದಲೂ ಗುಣಿಸಿದಾಗ ಸುಮಾರು 7 ಲಕ್ಷ 6 ಸಾವಿರ ರೂಪಾಯಿ ಬರುತ್ತದೆ. ಸರಕಿನ ಗುಮಾಸ್ತರದು 30,000 ರೂಪಾಯಿ, 30 ವರ್ಷವಾದರೆ ಸುಮಾರು 5 ಲಕ್ಷ 19 ಸಾವಿರ. ಎರಡೂ ಸೇರಿ ಹನ್ನೆರಡೂಕಾಲು ಲಕ್ಷ, ಅದೂ ಒಂದೇ ಕಾಲಕ್ಕೆ. ಜೀವವಿಮಾ ನಿಗಮದ ಸಾಮೂಹಿಕ ಗ್ರಾಚ್ಯುಯಿಟಿ ಯೋಜನೆಯಂಥದರಲ್ಲಿ ವರ್ಷ ವರ್ಷವೂ ಹಣ ಕಟ್ಟುತ್ತ ಬಂದ ಮಂಡಿಗೆ ಇದು ಭಾರವಲ್ಲ. ಕಟ್ಟದೆ ಬಂದ ಮಂಡಿಯು ಆ ಹಣವನ್ನು ಬೆಳೆಗಾರರ ಮುಂಗಡದಿಂದಲೇ ಕಿತ್ತುಕೊಡಬೇಕಾಗುತ್ತದೆ. ಇಲ್ಲವೆ ಕೊಡದೆ ಸತಾಯಿಸಬೇಕಾಗುತ್ತದೆ. ಸತಾಯಿಸಲ್ಪಟ್ಟ ಗುಮಾಸ್ತರು ಪಕ್ಕದ ಮಂಡಿಯಲ್ಲಿ ಹೋಗಿ ಕುಳಿತರೆ, ಅವರ ಹಿಂದೆ ಎಷ್ಟು ಮನೆಗಳು ಹೋಗುತ್ತವೆಂಬುದನ್ನು ನಾವು ಹೇಳಬೇಕಾಗಿಲ್ಲ. ದಿನ ಇಂಥದು, ಹಣ ಇಷ್ಟು, ಆಮೇಲೆ ಒಂದು ಸುಗ್ಗಿಯ ಕಾಲ ವಾರಕ್ಕೆ ಇಷ್ಟು ದಿನ ಸಲಹೆಗಾಗಿ ಬರುವುದು, ಅದಕ್ಕೆ ಗೌರವಧನ ಇಷ್ಟು ಎಂಬುದೆಲ್ಲವೂ ಕಾಗದದ ಮೇಲೆ ಬಂದ ದಿನವೇ ಅವರ ಬಾಯಿ ಬಿಚ್ಚುತ್ತದೆ.

ಇನ್ನು ಅಧಿಕಾರದ ಮಾತು. ಮಗಳು ಕಲಿತಳು, ಆದರೆ ಚೆಕ್ಕಿಗೆ ರುಜು ಹಾಕುವವರು ಯಜಮಾನರೇ ಎಂದಾದರೆ ಆ ಕಲಿಕೆ ಅಡಿಗೆಯ ಪುಸ್ತಕ ಓದಿದಂತೆ. ಎರಡನೆಯ ಸುಗ್ಗಿಯಿಂದ 50,000 ರೂಪಾಯಿಯವರೆಗೆ ಅವಳೊಬ್ಬಳ ರುಜು ನಡೆಯಲಿ. ಅದರ ಅರ್ಧದಲ್ಲಿ 2 ಲಕ್ಷಕ್ಕೆ ಏರಲಿ. ಮೂರನೆಯ ಸುಗ್ಗಿಗೆ ಪೂರ್ತಿಯಾಗಲಿ. ಬ್ಯಾಂಕಿನ ರುಜುವಿಗಿಂತ ಕಠಿಣವಾದದ್ದು ಗಿರಾಕಿಯ ಮುಂದಿನ ನಾಲಗೆ. ಹಳೆಯ ಬೆಳೆಗಾರನು ಮಗಳನ್ನು ದಾಟಿ ಒಳಗೆ ಬಂದು, “ಯಜಮಾನರೇ, ತಂಗಿ ಇನ್ನೂ ಹೊಸಬಳು, ತಾವೇ ಒಂದು ಮಾತು ಹೇಳಿಬಿಡಿ” ಎನ್ನುತ್ತಾನೆ. ಆಗ ಯಜಮಾನರು, “ಮುಂಗಡದ ಮಾತು ಈಗ ಅವಳದು, ಗೌಡರೇ. ನನಗೆ ಬೇಕಾದರೂ ಅವಳನ್ನೇ ಕೇಳಬೇಕು” ಎನ್ನಬೇಕು. ಅವಳ ತೀರ್ಮಾನ ತಪ್ಪೆಂದು ತೋರಿದರೆ ರಾತ್ರಿ ಮನೆಯಲ್ಲಿ ಹೇಳಲಿ. ಗಿರಾಕಿಯ ಎದುರಿಗೆ ಒಂದು ಸಲ ಅವಳ ಮಾತನ್ನು ತಿದ್ದಿದರೆ ಮೂರು ಸುಗ್ಗಿಯ ಕೆಲಸ ಆ ಕ್ಷಣದಲ್ಲಿ ನೀರುಪಾಲಾಗುತ್ತದೆ. ಆಮೇಲೆ ಪ್ರತಿಯೊಬ್ಬ ಗಿರಾಕಿಯೂ ಒಳಕೋಣೆಗೇ ನಡೆಯುತ್ತಾನೆ.

ಒಡೆತನವನ್ನು ಕಡೆಗೆ ಇಟ್ಟುಕೊಂಡದ್ದು ಅದು ಅಲ್ಪವೆಂದಲ್ಲ, ಅದರ ವಿಷಯ ಬಹುಮಂದಿಗೆ ತಿಳಿದಿರುವುದರಿಂದ. ಉಯಿಲಿಲ್ಲದೆ ಮನೆಯ ಹಿರಿಯನು ಕಾಲವಾದರೆ ಏನಾಗುತ್ತದೆಂಬುದಕ್ಕೆ ದೇಶದ ದೊಡ್ಡ ಉದ್ಯಮಗಳಲ್ಲಿಯೇ ಸಾಕ್ಷಿಯಿದೆ. ಧೀರೂಭಾಯಿ ಅಂಬಾನಿಯವರು 2002ರ ಜುಲೈಯಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಮಕ್ಕಳಿಬ್ಬರ ವಿರಸವು ತಾಯಿಯ ಮಧ್ಯಸ್ಥಿಕೆಯಿಂದ ಇತ್ಯರ್ಥವಾಗಿ ರಿಲಯನ್ಸ್ ಉದ್ಯಮವು ಪಾಲಾದದ್ದು 2005ರ ಜೂನ್‌ನಲ್ಲಿ. ಅಷ್ಟು ದೊಡ್ಡ ಸಂಸ್ಥೆಗೆ ಮೂರು ವರ್ಷದ ತಿಕ್ಕಾಟವನ್ನು ತಾಳುವ ಶಕ್ತಿ ಇತ್ತು. ಮಂಡಿಗೆ ಮೂರು ತಿಂಗಳಿನದನ್ನು ತಾಳುವ ಶಕ್ತಿಯೂ ಇರುವುದಿಲ್ಲ.

ಮಂಡಿಯು ಯಜಮಾನರೊಬ್ಬರ ಹೆಸರಿನಲ್ಲಿಯೇ ಇದ್ದರೆ ಅಪಾಯ ಇನ್ನೂ ಹೆಚ್ಚು. ಜಿ.ಎಸ್.ಟಿ. ನೋಂದಣಿಯು ಅವರ ಪ್ಯಾನ್ ಸಂಖ್ಯೆಗೆ ಕಟ್ಟುಬಿದ್ದುದು. ಅವರು ಕಾಲವಾದರೆ ವಾರಸುದಾರರು ಹೊಸ ನೋಂದಣಿ ಪಡೆಯಬೇಕು. ಉಳಿದ ತೆರಿಗೆಯ ಜಮೆಯನ್ನು ನಮೂನೆಯ ಮೂಲಕ ವರ್ಗ ಮಾಡಿಸಿಕೊಳ್ಳಬೇಕು. ಬ್ಯಾಂಕಿನ ಖಾತೆ ಅಷ್ಟು ದಿನ ನಿಂತಿರುತ್ತದೆ. ಇದು ಸುಗ್ಗಿಯ ನಡುವೆ ಒದಗಿದರೆ ಬೆಳೆಗಾರನಿಗೆ ಹಣ ಎಣಿಸುವವರಾರು? ಆದುದರಿಂದ ಮೊದಲೇ ಪಾಲುದಾರಿಕೆಯಾಗಿ ಮಾರ್ಪಡಿಸಿಕೊಳ್ಳುವುದು ಮೇಲು. ಅದರಲ್ಲಿಯೂ ಒಂದು ಕೊಕ್ಕೆಯಿದೆ. 1932ರ ಪಾಲುದಾರಿಕೆಯ ಕಾಯಿದೆಯಂತೆ, ಕರಾರಿನಲ್ಲಿ ಬೇರೆ ಏರ್ಪಾಡಿಲ್ಲದಿದ್ದರೆ, ಒಬ್ಬ ಪಾಲುದಾರನ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಇಬ್ಬರೇ ಪಾಲುದಾರರಿದ್ದರೆ ಯಾವ ಕರಾರಿನಿಂದಲೂ ಉಳಿಯದು, ಒಬ್ಬನೇ ಪಾಲುದಾರಿಕೆಯಾಗಲಾರನಷ್ಟೆ. ಆದಕಾರಣ ಯಜಮಾನರು, ಮಗ, ಮಗಳು, ತಮ್ಮನ ಮಗ ಎಂದು ನಾಲ್ವರನ್ನು ಸೇರಿಸಿ, ಒಬ್ಬರು ಹೋದರೂ ಸಂಸ್ಥೆ ನಡೆಯತಕ್ಕದ್ದೆಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಅದೇ ಕರಾರಿನಲ್ಲಿ ಹೊರಹೋಗುವವರ ಪಾಲನ್ನು ಲೆಕ್ಕ ಹಾಕುವ ಬಗೆಯನ್ನೂ ಕೊಡುವ ಕಂತುಗಳನ್ನೂ ನಮೂದಿಸಬೇಕು. ಇದು ಮಂಡಿಗೆ ಪ್ರಾಣದ ಮಾತು. ಬಂಡವಾಳವೆಲ್ಲ 180 ಮನೆಗಳಲ್ಲಿ ಮುಂಗಡವಾಗಿ ಕುಳಿತಿರುವಾಗ ಬೆಂಗಳೂರಿನ ಮಗನು ಶ್ರಾವಣದಲ್ಲಿ ತನ್ನ ಪಾಲನ್ನು ನಗದಾಗಿ ಕೇಳಿದರೆ, ನ್ಯಾಯವಾಗಿ ಕೇಳಿದರೂ, ಕೊಡಲು ಪೆಟ್ಟಿಗೆಯಲ್ಲಿ ಇರುವುದಿಲ್ಲ. ಕೊಡದೆ ಅವನ ಹಣದಿಂದಲೇ ವ್ಯಾಪಾರ ಮುಂದುವರಿಸಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಆ ಹಣದಿಂದ ಬಂದ ಲಾಭದ ಪಾಲನ್ನಾಗಲಿ ವರ್ಷಕ್ಕೆ ನೂರಕ್ಕೆ 6ರ ಬಡ್ಡಿಯನ್ನಾಗಲಿ ಕೇಳುವ ಹಕ್ಕು ಅವನಿಗೆ ಅದೇ ಕಾಯಿದೆಯಿಂದ ಇದೆ. ಐದು ಸುಗ್ಗಿಗಳಲ್ಲಿ ಐದು ಕಂತೆಂದು ಮೊದಲೇ ಬರೆದಿದ್ದರೆ ಅಣ್ಣತಂಗಿಯರ ಪ್ರೀತಿಯೂ ಉಳಿಯುತ್ತದೆ, ಬೆಳೆಗಾರನ ಮುಂಗಡವೂ ಉಳಿಯುತ್ತದೆ. ಪಾಲು ಎಲ್ಲ ಮಕ್ಕಳಿಗೂ ಸಲ್ಲಲಿ. ಹೆಣ್ಣುಮಕ್ಕಳು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಾನರೆಂದು 2005ರ ತಿದ್ದುಪಡಿಯು ದೇಶಕ್ಕೆಲ್ಲ ಸಾರಿದೆ. ಗದ್ದಿಗೆಯಾದರೋ ಚೀಟಿಯ ಪುಸ್ತಕವೂ ಬಾಕಿಯ ಲೆಕ್ಕವೂ ಯಾರನ್ನು ತೋರಿಸುತ್ತವೆಯೋ ಅವರಿಗೆ ಸಲ್ಲಲಿ. ಪಾಲನ್ನೂ ಗದ್ದಿಗೆಯನ್ನೂ ಒಂದೇ ಎಂದು ಎಣಿಸುವುದರಿಂದಲೇ ಜಗಳಗಳು ಹುಟ್ಟುತ್ತವೆ.

ಎಲ್ಲವೂ ಸರಿಯಾಗಿ ನಡೆದಿದೆಯೆಂದು ತಿಳಿಯುವುದು ಹೇಗೆ? ಮೂರನೆಯ ಸುಗ್ಗಿಯ ಭರದಲ್ಲಿ, ಬಿಡುವಿನ ಕಾಲದಲ್ಲಲ್ಲ, ಇಬ್ಬರು ಗುಮಾಸ್ತರನ್ನೂ ಯಜಮಾನರನ್ನೂ ಒಂದು ತಿಂಗಳು ಅಂಗಡಿಯ ಮೆಟ್ಟಲು ಹತ್ತಗೊಡಬಾರದು. ಕಾಶಿಗಾದರೂ ಹೋಗಲಿ, ಮೊಮ್ಮಕ್ಕಳ ಮನೆಗಾದರೂ ಹೋಗಲಿ. ನಮ್ಮ ದೃಷ್ಟಾಂತದ ಮಂಡಿಯಲ್ಲಿ ಆ ತಿಂಗಳು ಎರಡು ತಪ್ಪುಗಳು ನಡೆದುವೆನ್ನೋಣ. ಒಬ್ಬ ಖರೀದಿದಾರನ ಬಾಕಿ ಹದಿನೈದು ದಿನಕ್ಕೆ ಬರಬೇಕಾದದ್ದು ಮೂವತ್ತಾರು ದಿನವಾದರೂ ಯಾರ ಗಮನಕ್ಕೂ ಬರಲಿಲ್ಲ. ಅವಧಿ ಮೀರಿದ ಬಾಕಿಗಳನ್ನು ಪ್ರತಿ ಸೋಮವಾರ ಗುಮಾಸ್ತರು ಕಣ್ಣಿನಿಂದಲೇ ನೋಡಿಕೊಳ್ಳುತ್ತಿದ್ದರು. ಆ ಕೆಲಸ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಇನ್ನೊಂದು, ಲಾಟಿನ ತಕರಾರೊಂದರಲ್ಲಿ ಹುಡುಗನು ಖರೀದಿದಾರನ ಮಾತಿಗೆ ಬೇಗ ಬಾಗಿ ಹಳೆಯ ಬೆಳೆಗಾರನೊಬ್ಬನು ಮುನಿದು ಹೋದನು. ಎರಡನ್ನೂ ಹಿರಿಯರು ಬದುಕಿರುವಾಗ, ಊರಿನಲ್ಲಿರುವಾಗ ಸರಿಪಡಿಸಬಹುದು. ಬೀಳ್ಕೊಟ್ಟ ಎರಡು ವರ್ಷದ ಮೇಲೆ ತಿಳಿದರೆ ಸರಿಪಡಿಸುವವರಿರುವುದಿಲ್ಲ. ಈ ತಿಂಗಳಲ್ಲಿ ಎಣಿಸಬೇಕಾದುದು ಇನ್ನೊಂದಿದೆ: ಗುಮಾಸ್ತರ ಮನೆಗೆ ಎಷ್ಟು ಮಂದಿ ದೂರವಾಣಿ ಮಾಡಿದರು? ಹತ್ತು ಮಂದಿಯಾದರೆ ಚಿಂತೆಯಿಲ್ಲ. ನೂರು ಮಂದಿಯಾದರೆ ಅಂಗಡಿ ಇನ್ನೂ ಅವರ ಮನೆಯಲ್ಲಿಯೇ ಇದೆಯೆಂದು ಅರ್ಥ.

ಒಂದು ಕಹಿ ಮಾತನ್ನೂ ಹೇಳಿಯೇ ತೀರಬೇಕು. ಈ ಪರೀಕ್ಷೆಯಲ್ಲಿ ಮನೆಯವರು ಯಾರೂ ತೇರ್ಗಡೆಯಾಗದೆ ಇರಬಹುದು. ಮಗನು ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಬಹುದು. ಅಂಥ ಮನೆಯವರು ನಂಬಿಕೆಯ ಹೊರಗಿನವರೊಬ್ಬರನ್ನು ಪಾಲು ಕೊಟ್ಟು ಸೇರಿಸಿಕೊಳ್ಳಬಹುದು. ಇಲ್ಲವೆ ವ್ಯವಹಾರವನ್ನು ಮರ್ಯಾದೆಯಿಂದ ಮುಚ್ಚಬಹುದು. ಆದರೆ ಮಂಡಿಯನ್ನು ಮುಚ್ಚುವುದಕ್ಕೂ ಎರಡು ಸುಗ್ಗಿ ಬೇಕು. ಹೊಸ ಮುಂಗಡ ನಿಲ್ಲಿಸಿ ಹಳೆಯದನ್ನು ಬೆಳೆಯ ಮೂಲಕವೇ ಮೆಲ್ಲಗೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಅವಸರದಿಂದ ಮುಚ್ಚಿದ ಮಂಡಿಯು ತಾನೊಂದೇ ಮುಳುಗುವುದಿಲ್ಲ. ದೀಪಾವಳಿಗೆ ಮುಂಗಡವನ್ನು ನಂಬಿದ್ದ ಮನೆಗಳನ್ನೂ ಸಾಲಗಾರರ ಬಾಗಿಲಿಗೆ ಕಳಿಸುತ್ತದೆ. ಉತ್ತರಾಧಿಕಾರದ ಮಾತು ಯಜಮಾನರ ಮನೆಯೊಳಗಿನ ಮಾತು ಮಾತ್ರವಲ್ಲವೆಂದು ನಾವು ಹೇಳುವುದು ಇದಕ್ಕಾಗಿಯೇ.

ನಡೆಸುವುದಾಗಲಿ ಮುಚ್ಚುವುದಾಗಲಿ, ಎರಡಕ್ಕೂ ಬೇಕಾದುದು ಸುಗ್ಗಿಗಳು. ಅವು ಹಿರಿಯರ ಕೈಯಲ್ಲಿ ಎಣಿಕೆಗೆ ಸಿಕ್ಕುವಷ್ಟೇ ಉಳಿದಿವೆ. ಬರುವ ದೀಪಾವಳಿಯ ಪೂಜೆಗೆ ಹೊಸ ಲೆಕ್ಕದ ಪುಸ್ತಕವನ್ನಿಡುವಾಗ, ಪಕ್ಕದಲ್ಲಿ ಎರಡು ಹಾಳೆ ಬಿಳಿಯ ಕಾಗದವನ್ನೂ ಇಟ್ಟುಕೊಳ್ಳಲಿ. ಒಂದರ ಮೇಲೆ ಕೆಲಸಗಳ ಪಟ್ಟಿ, ಇನ್ನೊಂದರ ಮೇಲೆ ಗುಮಾಸ್ತರಿಗೆ ಸಲ್ಲಬೇಕಾದ ಹಣ. ಶಾಲನ್ನು ಆಮೇಲೆ ತರಬಹುದು.